ನಗುವ ಎಮೋಜಿ ಅಂದ್ರೆ ಖುಷಿಯೇ? ಎಮೋಜಿಗಳಿಗೆ ಅಂಕ ಕೊಡುವುದು ಹೇಗೆ, ಲೆಕ್ಕ ತಪ್ಪುವುದು ಎಲ್ಲಿ?

ಹೊಸ ಸಿನಿಮಾ, ಮೊಬೈಲ್ ಅಥವಾ ಸರ್ಕಾರದ ಯೋಜನೆ ಬಗ್ಗೆ ಜನ ಏನು ಹೇಳುತ್ತಿದ್ದಾರೆ ಎಂದು ತಿಳಿಯಲು ಸೋಷಿಯಲ್ ಮೀಡಿಯಾದ ಸಾವಿರಾರು ಪೋಸ್ಟ್‌ಗಳನ್ನು ಕಂಪ್ಯೂಟರ್ ಮೂಲಕ ಅಳೆಯಲಾಗುತ್ತದೆ. ಇದಕ್ಕೆ ಸೆಂಟಿಮೆಂಟ್ ಅನಾಲಿಸಿಸ್, ಅಂದರೆ ಭಾವ ವಿಶ್ಲೇಷಣೆ ಎನ್ನುತ್ತಾರೆ. ಇದರಲ್ಲಿ ಪದಗಳಂತೆ ಎಮೋಜಿಗಳಿಗೂ ಅಂಕ ಇರುತ್ತದೆ. ಆ ಅಂಕ ಬರುವುದು ಎಲ್ಲಿಂದ?

ಅಂಕದ ಮೂಲ ಎಲ್ಲಿದೆ?

ಹೆಚ್ಚು ಬಳಕೆಯಲ್ಲಿರುವ ಪಟ್ಟಿಗಳಲ್ಲಿ ಒಂದು ‘ಎಮೋಜಿ ಸೆಂಟಿಮೆಂಟ್ ರ‍್ಯಾಂಕಿಂಗ್’. ಸ್ಲೊವೇನಿಯಾದ ಯೋಜೆಫ್ ಸ್ಟೆಫಾನ್ ಸಂಸ್ಥೆಯ ಪೆಟ್ರಾ ಕ್ರಾಲ್ ನೊವಾಕ್ ಮತ್ತು ಸಂಗಡಿಗರು ಇದನ್ನು 2015ರಲ್ಲಿ ಪ್ರಕಟಿಸಿದರು. ಯುರೋಪಿನ 13 ಭಾಷೆಗಳ ಸುಮಾರು 16 ಲಕ್ಷ ಟ್ವೀಟ್‌ಗಳನ್ನು 83 ಮಂದಿ ಓದಿ, ಪ್ರತಿಯೊಂದನ್ನೂ ಸಕಾರಾತ್ಮಕ, ತಟಸ್ಥ ಅಥವಾ ನಕಾರಾತ್ಮಕ ಎಂದು ಗುರುತಿಸಿದ್ದರು. ಅವುಗಳಲ್ಲಿ ಎಮೋಜಿ ಇದ್ದದ್ದು ಶೇ. 4ರಷ್ಟರಲ್ಲಿ ಮಾತ್ರ.

ಗಮನಿಸಬೇಕಾದ ಸಂಗತಿ ಇದು: ಓದಿದವರು ಗುರುತಿಸಿದ್ದು ಇಡೀ ಟ್ವೀಟ್‌ನ ಭಾವವನ್ನು, ಎಮೋಜಿಯ ಭಾವವನ್ನಲ್ಲ. ಎಮೋಜಿ ಯಾವ ಬಗೆಯ ಟ್ವೀಟ್‌ಗಳ ಜೊತೆ ಎಷ್ಟು ಸಲ ಕಾಣಿಸಿತು ಎಂಬುದೇ ಅದರ ಅಂಕ.

ಉದಾಹರಣೆಗೆ 😂 ಎಮೋಜಿ 14,622 ಸಲ ಸಿಕ್ಕಿತ್ತು. ಸಕಾರಾತ್ಮಕ ಟ್ವೀಟ್‌ಗಳಲ್ಲಿ 6,845, ತಟಸ್ಥದಲ್ಲಿ 4,163, ನಕಾರಾತ್ಮಕದಲ್ಲಿ 3,614. ಸಕಾರಾತ್ಮಕದಿಂದ ನಕಾರಾತ್ಮಕವನ್ನು ಕಳೆದು ಒಟ್ಟು ಸಂಖ್ಯೆಯಿಂದ ಭಾಗಿಸಿದರೆ 0.22 ಬರುತ್ತದೆ. ಅಂಕ −1ರಿಂದ +1ರವರೆಗೆ ಇರುವುದರಿಂದ ಇದು ಸ್ವಲ್ಪ ಮಟ್ಟಿಗೆ ಸಕಾರಾತ್ಮಕ. ಆದರೆ ನಾಲ್ಕರಲ್ಲಿ ಸುಮಾರು ಒಂದು ಸಲ ಇದೇ ನಗು ನಕಾರಾತ್ಮಕ ಮಾತಿನ ಜೊತೆ ಬಂದಿತ್ತು ಎಂಬುದು ಆ ಒಂದು ಅಂಕದಲ್ಲಿ ಕಾಣುವುದಿಲ್ಲ.

ಸೊನ್ನೆ ಎಂದರೆ ತಟಸ್ಥವಲ್ಲ

ಅಳುವ ಮುಖ 😭 ಇನ್ನೂ ಸ್ಪಷ್ಟ ಉದಾಹರಣೆ. ಇದೇ ಪಟ್ಟಿಯಲ್ಲಿ ಇದರ ಅಂಕ −0.09, ಅಂದರೆ ಸೊನ್ನೆಯ ಹತ್ತಿರ. ಅಂಕ ಮಾತ್ರ ನೋಡಿದವರು ಇದನ್ನು ಯಾವ ಭಾವವೂ ಇಲ್ಲದ ಎಮೋಜಿ ಎಂದುಕೊಳ್ಳಬಹುದು. ಆದರೆ ಇದು ಸಿಕ್ಕ 5,526 ಸಲದಲ್ಲಿ ನಕಾರಾತ್ಮಕ 2,412, ಸಕಾರಾತ್ಮಕ 1,896. ತಟಸ್ಥ 1,218 ಮಾತ್ರ, ಮೂರರಲ್ಲಿ ಅದೇ ಕಡಿಮೆ. ದುಃಖಕ್ಕೂ ಇದೇ ಎಮೋಜಿ, ಖುಷಿ ತಡೆಯಲಾಗದೆ ಹಾಕುವುದೂ ಇದನ್ನೇ. ಎರಡೂ ಕಡೆಯ ಎಳೆತ ಒಂದನ್ನೊಂದು ಅಳಿಸಿ ಹಾಕಿದ್ದರಿಂದ ಅಂಕ ಸೊನ್ನೆಗೆ ಬಂದಿದೆ. ಟ್ರೇಲರ್ ಕೆಳಗೆ ಅಭಿಮಾನಿ ‘ಬಾಸ್ ಎಂಟ್ರಿ ಬೆಂಕಿ 😭’ ಎಂದು ಬರೆದಾಗ ಅದು ಅಳುವಲ್ಲ, ಮೆಚ್ಚುಗೆಯೇ.

ಮೂರು ನಗು ಸೇರಿದರೆ ದೂರು ಮಾಯ

‘ರೈಲು ಮತ್ತೆ ಎರಡು ಗಂಟೆ ಲೇಟ್ 😂😂😂’ ಎಂಬ ಪೋಸ್ಟ್ ತೆಗೆದುಕೊಳ್ಳೋಣ. ಪದಗಳಿಗೆ −0.4 ಅಂಕ ಸಿಕ್ಕಿತು ಎಂದಿಟ್ಟುಕೊಳ್ಳಿ. ಪ್ರತಿ 😂ಗೂ 0.22ರಂತೆ ಮೂರಕ್ಕೆ 0.66. ಕೂಡಿದರೆ +0.26. ರೋಸಿಹೋದ ಪ್ರಯಾಣಿಕ ಲೆಕ್ಕದಲ್ಲಿ ಸಂತೃಪ್ತ ಪ್ರಯಾಣಿಕನಾಗಿಬಿಟ್ಟ! ಎಷ್ಟು ಸಲ ಹಾಕಿದ್ದರೂ ಎಮೋಜಿಯನ್ನು ಒಮ್ಮೆ ಮಾತ್ರ ಎಣಿಸಿದರೆ ಮೊತ್ತ −0.18 ಆಗುತ್ತದೆ, ದೂರು ದೂರಾಗಿಯೇ ಉಳಿಯುತ್ತದೆ. ಆದರೂ ಇದು ಅರ್ಧ ಪರಿಹಾರ. ಇಲ್ಲಿ ನಗು ವ್ಯಂಗ್ಯದ್ದು. ಅದು ದೂರನ್ನು ಕಡಿಮೆ ಮಾಡುತ್ತಿಲ್ಲ, ಹರಿತ ಮಾಡುತ್ತಿದೆ. ಕೂಡಿಸುವ ಲೆಕ್ಕಕ್ಕೆ ಇದು ತಿಳಿಯದು.

ಕನ್ನಡದ 🙏 ಬೇರೆ

ಆ 13 ಭಾಷೆಗಳಲ್ಲಿ ಭಾರತದ ಯಾವ ಭಾಷೆಯೂ ಇಲ್ಲ. ಪಟ್ಟಿಯಲ್ಲಿ 🙏 ಸಕಾರಾತ್ಮಕ. ನಮ್ಮಲ್ಲಿ ಅದು ನಮಸ್ಕಾರ, ಧನ್ಯವಾದ, ಪ್ರಾರ್ಥನೆ. ‘ಓಂ ಶಾಂತಿ 🙏’ ಎಂಬ ಸಂತಾಪವೂ ಹೌದು, ‘ಸಾಕಪ್ಪಾ ನಿಮ್ಮ ಸಹವಾಸ 🙏’ ಎಂದು ಕೈ ಮುಗಿಯುವುದೂ ಹೌದು. ಗಣ್ಯರೊಬ್ಬರು ತೀರಿಕೊಂಡ ದಿನ ಅವರ ಹೆಸರಿನ ಪೋಸ್ಟ್‌ಗಳ ಗ್ರಾಫ್ ಮೇಲಕ್ಕೆ ಜಿಗಿದರೆ, ಮೊದಲು ಅನುಮಾನಿಸಬೇಕಾದದ್ದು ಈ 🙏 ಅನ್ನೇ.

ತಪ್ಪು ಪತ್ತೆ ಹೇಗೆ?

ಒಂದೇ ಪೋಸ್ಟ್‌ಗಳಿಗೆ ಎರಡು ಸಲ ಅಂಕ ಹಾಕಬೇಕು: ಎಮೋಜಿ ಸೇರಿಸಿ ಒಮ್ಮೆ, ತೆಗೆದು ಇನ್ನೊಮ್ಮೆ. ಎರಡರ ನಡುವೆ ಪ್ಲಸ್ ಮೈನಸ್ ಅದಲು ಬದಲಾದ ಪೋಸ್ಟ್‌ಗಳನ್ನು ಬೇರೆ ತೆಗೆದು, ಕನ್ನಡ ಬಲ್ಲ ಇಬ್ಬರು ಪರಸ್ಪರ ಕೇಳದೆ ಓದಿ ಭಾವ ಗುರುತಿಸಬೇಕು. ಅವರಿಬ್ಬರೂ ಒಪ್ಪಿ, ಕಂಪ್ಯೂಟರ್ ಮಾತ್ರ ಬೇರೆ ಹೇಳಿದರೆ ಆ ಎಮೋಜಿಯ ಅಂಕವನ್ನು ಈ ವಿಷಯಕ್ಕೆ ಬಳಸಬಾರದು. ಓದಿದವರಿಗೇ ಒಮ್ಮತ ಬರದಿದ್ದರೆ, ಆ ಪೋಸ್ಟ್‌ಗಳನ್ನು ‘ಅಸ್ಪಷ್ಟ’ ಎಂದು ಬೇರೆ ಎಣಿಸುವುದೇ ಸರಿ. ಅವುಗಳನ್ನು ತಟಸ್ಥದ ಲೆಕ್ಕಕ್ಕೆ ಸೇರಿಸಿದರೆ 😭ಗೆ ಆದ ತಪ್ಪೇ ಇಲ್ಲೂ ಆಗುತ್ತದೆ.