ಮರಳಿನಿಂದ ಗೆರೆಯವರೆಗೆ

ಕನ್ನಡದಲ್ಲಿ 'ತಿದ್ದು' ಎಂಬ ಮಾತಿಗೆ ಎರಡು ಅರ್ಥ. ತಪ್ಪನ್ನು ಸರಿಪಡಿಸುವುದು ಒಂದು, ಬರೆದ ಅಕ್ಷರದ ಮೇಲೆಯೇ ಮತ್ತೆ ಬರೆಯುವುದು ಇನ್ನೊಂದು. ಕೂಲಿಮಠದ ಐಗಳು ಮರಳಿನಲ್ಲಿ ಅಕ್ಷರ ಬರೆದುಕೊಟ್ಟರೆ ಹುಡುಗ ಆ ಜಾಡಿನಲ್ಲೇ ಬೆರಳಾಡಿಸಿ ತಿದ್ದುತ್ತಿದ್ದ.

ದಕ್ಷಿಣ ಭಾರತದ ಈ ಮರಳ ಬರಹವನ್ನು ಮದರಾಸಿನ ಅನಾಥ ಬಾಲಕರ ಶಾಲೆ ನಡೆಸುತ್ತಿದ್ದ ಆಂಡ್ರ್ಯೂ ಬೆಲ್ ತನ್ನ ಶಾಲೆಗೂ ತಂದ. 1797ರಲ್ಲಿ ಲಂಡನ್ನಿನಲ್ಲಿ ಅದರ ವರದಿಯನ್ನು ಅಚ್ಚುಹಾಕಿಸಿದ. ಅಲ್ಲಿ ಬಡಮಕ್ಕಳ ಶಾಲೆ ನಡೆಸುತ್ತಿದ್ದ ಜೋಸೆಫ್ ಲ್ಯಾಂಕಾಸ್ಟರ್ ಇಂಗ್ಲಿಷ್ ಅಕ್ಷರಗಳನ್ನು ಆಕಾರದ ಪ್ರಕಾರ ವಿಂಗಡಿಸಿದ. ಮೊದಲು ನೇರ ಗೀಟಿನ ಐ, ಎಚ್, ಟಿ. ಬಳಿಕ ಓರೆ ಗೀಟಿನ ಎ, ವಿ. ಕೊನೆಗೆ ಬಾಗಿದ ಓ, ಎಸ್. ಮರಳಿನ ನಂತರ ಸ್ಲೇಟು, ಆಮೇಲೆ ಕಾಗದ.

ಈ ಮೆಟ್ಟಿಲುಗಳಿಗೆ ಕಾರಣವಿದೆ. ಮಾದರಿಯ ಮೇಲೆ ತಿದ್ದುವಾಗ 'ಅ'ವನ್ನು ಕೊನೆಯ ತುದಿಯಿಂದ ಆರಂಭಿಸಿದರೂ ಆಕಾರ ಸರಿಯಾಗಿಯೇ ಕಾಣುತ್ತದೆ. ಮಾದರಿ ಹೋಗಿ ಗೆರೆ ಮಾತ್ರ ಉಳಿದಾಗ ಗುಟ್ಟು ರಟ್ಟಾಗುತ್ತದೆ: ಅಕ್ಷರ ಗೆರೆ ಬಿಟ್ಟು ತೇಲುತ್ತದೆ, ಒತ್ತಕ್ಷರ ಕೆಳಸಾಲಿಗೆ ತಗಲುತ್ತದೆ. ಆಗ ಇನ್ನೆರಡು ಪುಟ ಬರೆಸಿ ಫಲವಿಲ್ಲ. ಒಂದು ಮೆಟ್ಟಿಲು ಹಿಂದಕ್ಕಿಳಿದು, ಅಕ್ಷರ ಎಲ್ಲಿಂದ ಆರಂಭವಾಗುತ್ತದೆಂದು ಬೆರಳು ಹಿಡಿದು ತಿದ್ದಿಸಬೇಕು. 'ತಿದ್ದು'ವಿನ ಎರಡೂ ಅರ್ಥ ಅಲ್ಲಿ ಒಂದಾಗುತ್ತವೆ.