ಯಾರೊಡನೆ ಹೋಲಿಸಿ? ಧ್ಯಾನ, ಅವಧಾನ ಮತ್ತು ಒಂದು ಹಳೆಯ ಪ್ರಶ್ನೆ

ನಾವಿರುವ ದೇವಳಾಲಿ ಕ್ಯಾಂಪ್ ಇಂಗ್ಲಿಷ್ ನಿಘಂಟಿಗೆ ಒಂದು ಶಬ್ದವನ್ನು ಕೊಟ್ಟ ಊರು. 'ಡೂಲ್ಯಾಲಿ' ಎಂದರೆ ಬುದ್ಧಿ ಸ್ಥಿಮಿತದಲ್ಲಿಲ್ಲದವನು ಎಂದರ್ಥ. ಸೇವಾವಧಿ ಮುಗಿಸಿದ ಬ್ರಿಟಿಷ್ ಸೈನಿಕರು ಸ್ವದೇಶಕ್ಕೆ ಮರಳುವ ಹಡಗಿಗಾಗಿ ಇಲ್ಲಿಯ ಶಿಬಿರದಲ್ಲಿ ತಿಂಗಳುಗಟ್ಟಲೆ ಕಾಯುತ್ತಿದ್ದರು. ಬಿಸಿಲು, ಬೇಸರ ಮತ್ತು ನಿಷ್ಕ್ರಿಯತೆಗಳಿಂದ ಅವರ ಮನಸ್ಸು ಕೆಡುತ್ತಿತ್ತೆಂದು ಪ್ರತೀತಿ. ಆ ಸ್ಥಿತಿಗೆ ಅವರು 'ಡೂಲ್ಯಾಲಿ ಟ್ಯಾಪ್' ಎಂದು ಹೆಸರಿಟ್ಟರು. ಆ 'ಟ್ಯಾಪ್' ನಮ್ಮ ತಾಪವೇ, ಅಂದರೆ ಜ್ವರ. ಆದರೆ ಇದೇ ಊರಿನಲ್ಲಿ ಸೈನಿಕ ಆಸ್ಪತ್ರೆಯೂ ಇತ್ತು. ಹಾಗಾದರೆ ಊರು ಸೈನಿಕರನ್ನು ಹುಚ್ಚರನ್ನಾಗಿಸಿತೋ, ಅಥವಾ ಮೊದಲೇ ಬಳಲಿದ್ದವರು ಈ ಊರಿಗೆ ಬಂದು ಸೇರಿದರೋ? ಇಲ್ಲಿಯೇ ಉಳಿದು ಹುಚ್ಚರಾಗದವರ ಲೆಕ್ಕವನ್ನು ಯಾರೂ ಇಡಲಿಲ್ಲ. ಆ ಲೆಕ್ಕವಿಲ್ಲದೆ ಮೊದಲ ಪ್ರಶ್ನೆಗೆ ಉತ್ತರವಿಲ್ಲ.

ಇದೇ ರೈಲುಮಾರ್ಗದಲ್ಲಿ ಮುಂಬಯಿಯ ಕಡೆಗೆ ಸ್ವಲ್ಪ ದೂರ ಸಾಗಿದರೆ ಇಗತ್ಪುರಿ ಸಿಗುತ್ತದೆ. ಬರ್ಮಾದಿಂದ ಬಂದ ಸತ್ಯನಾರಾಯಣ ಗೋಯಂಕಾ ಅವರು 1976ರಲ್ಲಿ ಅಲ್ಲಿ ಧಮ್ಮಗಿರಿ ಎಂಬ ವಿಪಶ್ಯನಾ ಕೇಂದ್ರವನ್ನು ಆರಂಭಿಸಿದರು. ನಾವೂ ಒಮ್ಮೆ ಹತ್ತು ದಿನಗಳ ಶಿಬಿರಕ್ಕೆ ಹೋಗಿ ಬಂದೆವು. ಬೆಳಗಿನ ನಾಲ್ಕಕ್ಕೆ ಗಂಟೆ ಬಾರಿಸುತ್ತದೆ. ದಿನಕ್ಕೆ ಸುಮಾರು ಹತ್ತು ಗಂಟೆಗಳ ಧ್ಯಾನ. ಮಾತಿಲ್ಲ, ಓದಿಲ್ಲ, ದೂರವಾಣಿಯಿಲ್ಲ. ಮರಳಿ ಬಂದ ಮೇಲೆ ಕಚೇರಿಯಲ್ಲಿ ಬಿಲ್ಲುಗಳನ್ನು ತಾಳೆ ನೋಡುವಾಗ ನಮ್ಮಿಂದ ಆಗುವ ತಪ್ಪುಗಳು ಕಡಿಮೆಯಾದವೆಂದು ತೋರಿತು. ಇದನ್ನು ಕೇಳಿದ ಕನ್ನಡಿಗ ಸಹೋದ್ಯೋಗಿಯೊಬ್ಬರು, ಪಾಠದಲ್ಲಿ ಮನಸ್ಸು ನಿಲ್ಲದ ತಮ್ಮ ಮಗನಿಗೆ ವೈದ್ಯರು ಸೂಚಿಸಿದ ಚಿಕಿತ್ಸೆಯನ್ನು ಬಿಡಿಸಿ ಧ್ಯಾನಕ್ಕೆ ಹಚ್ಚಿದರಾಗದೇ ಎಂದು ಕೇಳಿದರು. ನಮ್ಮ ಅನುಭವವನ್ನು ಹೇಳುವುದು ಸುಲಭವಾಗಿತ್ತು. ಅದು ಇನ್ನೊಬ್ಬರ ಮಗನ ಚಿಕಿತ್ಸೆಯನ್ನು ನಿರ್ಧರಿಸಬಲ್ಲ ಸಾಕ್ಷ್ಯವೇ ಎಂಬ ಪ್ರಶ್ನೆ ಎದುರಾದಾಗ ನಾವು ತಡವರಿಸಿದೆವು. ಈ ಲೇಖನ ಆ ತಡವರಿಕೆಯಿಂದ ಹುಟ್ಟಿದ್ದು.

ಧ್ಯಾನ ಮಾಡುವವನ ಅವಧಾನವನ್ನು ಯಂತ್ರದಿಂದ ಅಳೆಯುವ ಪ್ರಯತ್ನಗಳಲ್ಲಿ ಹೆಸರಾಂತ ಒಂದು ಭಾರತದ್ದೇ. 1961ರಲ್ಲಿ ದೆಹಲಿಯ ಅಖಿಲ ಭಾರತ ವೈದ್ಯಕೀಯ ವಿಜ್ಞಾನ ಸಂಸ್ಥೆಯ ಬಿ. ಕೆ. ಆನಂದ್, ಜಿ. ಎಸ್. ಛೀನಾ ಮತ್ತು ಬಲದೇವ್ ಸಿಂಗ್ ಅವರು ಯೋಗಿಗಳ ಮಿದುಳಿನ ವಿದ್ಯುತ್ ಅಲೆಗಳನ್ನು ದಾಖಲಿಸಿ ಪ್ರಕಟಿಸಿದರು. ಕಣ್ಣು ಮುಚ್ಚಿ ವಿರಮಿಸುವಾಗ ಮಿದುಳಿನಲ್ಲಿ ಆಲ್ಫಾ ಎಂಬ ನಿಧಾನವಾದ, ಲಯಬದ್ಧವಾದ ಅಲೆ ಕಾಣಿಸುತ್ತದೆ. ಹಠಾತ್ತನೆ ಸದ್ದಾದರೆ ಆ ಅಲೆ ಒಡೆಯುತ್ತದೆ. ಗಮನ ಹೊರಗೆ ತಿರುಗಿತು ಎಂಬುದಕ್ಕೆ ಅದೇ ಗುರುತು. ಪ್ರಖರ ಬೆಳಕು, ದೊಡ್ಡ ಸದ್ದು, ಬಿಸಿ ಗಾಜಿನ ನಳಿಕೆಯ ಸ್ಪರ್ಶ, ಶ್ರುತಿಕವೆಯ ಕಂಪನ ಇವುಗಳಿಂದ ಯೋಗಿಗಳನ್ನು ಪರೀಕ್ಷಿಸಲಾಯಿತು. ಧ್ಯಾನವಿಲ್ಲದಾಗ ಅಲೆ ಎಲ್ಲರಂತೆ ಒಡೆಯಿತು, ಧ್ಯಾನದಲ್ಲಿದ್ದಾಗ ಒಡೆಯಲಿಲ್ಲ.

ಐದು ವರ್ಷಗಳ ಬಳಿಕ ಜಪಾನಿನ ಕಸಮತ್ಸು ಮತ್ತು ಹಿರಾಯಿ ಝೆನ್ ಸಾಧಕರ ಅಧ್ಯಯನವನ್ನು ಪ್ರಕಟಿಸಿದರು. ಒಂದೇ 'ಟಕ್' ಸದ್ದನ್ನು ಮತ್ತೆ ಮತ್ತೆ ಕೇಳಿಸಿದರೆ ಸಾಮಾನ್ಯರ ಮಿದುಳು ಅದಕ್ಕೆ ಒಗ್ಗಿಕೊಂಡು ಕ್ರಮೇಣ ಉದಾಸೀನವಾಗುತ್ತದೆ. ಝೆನ್ ಗುರುಗಳ ಮಿದುಳಾದರೋ ಪ್ರತಿ ಸದ್ದಿಗೂ ಮೊದಲ ಸಲ ಕೇಳಿದಂತೆಯೇ ಓಗೊಟ್ಟಿತು. ಎರಡು ವರದಿಗಳನ್ನೂ ಜೊತೆಗಿಟ್ಟಾಗ ಒಂದು ಸೊಗಸಾದ ಸಿದ್ಧಾಂತ ರೂಪುಗೊಂಡಿತು: ಯೋಗಿ ಜಗತ್ತಿಗೆ ಬಾಗಿಲು ಮುಚ್ಚುತ್ತಾನೆ, ಝೆನ್ ಸಾಧಕ ಬಾಗಿಲು ತೆರೆದಿಟ್ಟಿರುತ್ತಾನೆ. ಎರಡೂ ದರ್ಶನಗಳು ತಮ್ಮ ಬಗ್ಗೆ ಹೇಳಿಕೊಳ್ಳುವ ಮಾತಿಗೆ ಇದು ಎಷ್ಟು ಚೆನ್ನಾಗಿ ಹೊಂದುತ್ತಿತ್ತೆಂದರೆ ಪಠ್ಯಪುಸ್ತಕಗಳು ಅದನ್ನು ಬಹುಕಾಲ ಪುನರುಚ್ಚರಿಸಿದವು.

ಆದರೆ ಆಧಾರವೆಷ್ಟಿತ್ತು? ದೆಹಲಿಯ ರಾಜಯೋಗಿಗಳು ಬೆರಳೆಣಿಕೆಯವರು. ಜಪಾನಿನ ತೀರ್ಮಾನ ನಿಂತದ್ದು ಮೂವರು ಗುರುಗಳ ಮೇಲೆ. ಯೋಗಿಗಳಂತೆಯೇ ಕಣ್ಣು ಮುಚ್ಚಿ ಕುಳಿತು, 'ಸದ್ದನ್ನು ಲಕ್ಷಿಸಬೇಡಿ' ಎಂಬ ಸೂಚನೆಯನ್ನಷ್ಟೇ ಪಾಲಿಸುವ ಸಾಮಾನ್ಯರನ್ನು ಅವರ ಪಕ್ಕದಲ್ಲಿ ಕೂರಿಸಿರಲಿಲ್ಲ. 1981ರಲ್ಲಿ ಅಮೆರಿಕದ ಬೆಕರ್ ಮತ್ತು ಶಪೀರೋ ಆ ಕೊರತೆಯನ್ನು ತುಂಬಿದರು. ಅವರು ಐದು ಗುಂಪುಗಳನ್ನು ಮಾಡಿದರು. ಮೂರರಲ್ಲಿ ಝೆನ್, ಯೋಗ ಮತ್ತು ಭಾವಾತೀತ ಧ್ಯಾನದ ಹಲವು ವರ್ಷಗಳ ಸಾಧಕರು. ಉಳಿದೆರಡರಲ್ಲಿ ಧ್ಯಾನವನ್ನೇ ಅರಿಯದವರು. ಇವರಲ್ಲಿ ಒಂದು ಗುಂಪಿಗೆ ಸದ್ದನ್ನು ಗಮನಿಸಲು, ಇನ್ನೊಂದಕ್ಕೆ ಅಲಕ್ಷಿಸಲು ಹೇಳಲಾಯಿತು. ಅಲೆಗಳು ಸದ್ದಿಗೆ ಒಗ್ಗಿಕೊಂಡ ರೀತಿಯಲ್ಲಿ ಐದೂ ಗುಂಪುಗಳ ನಡುವೆ ನಿರೀಕ್ಷಿತ ವ್ಯತ್ಯಾಸ ಕಾಣಲಿಲ್ಲ. ಈ ಸಾಧಕರು ಆ ಗುರುಗಳ ಎತ್ತರದವರಲ್ಲ ಎಂಬ ಆಕ್ಷೇಪಕ್ಕೆ ಎಡೆಯಿದೆ, ಅದು ನ್ಯಾಯವೂ ಹೌದು. ಆದರೂ ಹೋಲಿಕೆಯ ಗುಂಪು ಬಂದೊಡನೆ ಸುಂದರ ಸಿದ್ಧಾಂತವೊಂದು ಅಲುಗಿದ್ದು ನಿಜ.

ಇನ್ನು ನಮ್ಮ ಬೆಂಗಳೂರಿಗೆ ಬರೋಣ. ಸ್ವಾಮಿ ವಿವೇಕಾನಂದ ಯೋಗ ಸಂಶೋಧನಾ ಪ್ರತಿಷ್ಠಾನದಲ್ಲಿ ಶರ್ಲಿ ಟೆಲ್ಲಿಸ್ ಮತ್ತು ಸಂಗಡಿಗರು ಈ ವಿಷಯದಲ್ಲಿ ದೀರ್ಘಕಾಲ ದುಡಿದಿದ್ದಾರೆ. 2007ರಲ್ಲಿ ಸಾರಂಗ್ ಮತ್ತು ಟೆಲ್ಲಿಸ್ ಪ್ರಕಟಿಸಿದ ಅಧ್ಯಯನವೊಂದನ್ನು ಬಿಡಿಸಿ ನೋಡುವುದು ಉಪಯುಕ್ತ. ಅದರಲ್ಲಿದ್ದವರು 69 ಪುರುಷರು. ಅಕ್ಷರಗಳು ತುಂಬಿದ ಹಾಳೆಯಲ್ಲಿ ಸೂಚಿಸಿದ ಆರು ಅಕ್ಷರಗಳನ್ನು ಹುಡುಕಿ ಹೊಡೆದುಹಾಕುವುದು ಪರೀಕ್ಷೆ. ಒಂದು ದಿನ ಆಸನಗಳನ್ನೂ ವಿಶ್ರಾಂತಿಯನ್ನೂ ಸರದಿಯಂತೆ ಬೆರೆಸಿದ 'ಆವರ್ತನ ಧ್ಯಾನ'. ಇನ್ನೊಂದು ದಿನ ಅಷ್ಟೇ ಹೊತ್ತು, ಅಂದರೆ 22.5 ನಿಮಿಷ, ಬರಿದೆ ಅಂಗಾತ ಮಲಗುವುದು. ಧ್ಯಾನದ ನಂತರ ಅಂಕ ಶೇ. 24.9ರಷ್ಟು ಏರಿತು. ಮಲಗಿ ಎದ್ದ ನಂತರವೂ ಶೇ. 13.6ರಷ್ಟು ಏರಿತು. ತಪ್ಪಾಗಿ ಹೊಡೆದ ಅಕ್ಷರಗಳು ಕಡಿಮೆಯಾದದ್ದು ಧ್ಯಾನದ ದಿನ ಮಾತ್ರ.

ಮಲಗುವ ದಿನವೊಂದು ಇಲ್ಲದಿದ್ದರೆ ಶೇ. 24.9 ಪೂರ್ತಿ ಧ್ಯಾನದ ಖಾತೆಗೆ ಜಮೆಯಾಗುತ್ತಿತ್ತು. ಅದರ ಅರ್ಧಕ್ಕಿಂತ ಹೆಚ್ಚು ಕೇವಲ ವಿಶ್ರಾಂತಿಯಿಂದಲೋ, ಅದೇ ಪರೀಕ್ಷೆಯನ್ನು ಎರಡನೆಯ ಸಲ ಬರೆದ ರೂಢಿಯಿಂದಲೋ ಬಂದಿರಬಹುದೆಂದು ಈಗ ತಿಳಿಯುತ್ತದೆ. ವಿನ್ಯಾಸದ ಗುಣ ಇದು. ಉಳಿದ ಸುಮಾರು ಶೇ. 11ರ ಒಡೆಯ ಯಾರು? ಇಲ್ಲಿ ವಿನ್ಯಾಸ ಕೈಚೆಲ್ಲುತ್ತದೆ. ಎದ್ದು, ಬಾಗಿ, ನಿಂತವನ ಮೈ ಚುರುಕಾಗಿರುತ್ತದೆ. ಮಲಗಿದ್ದವನಿಗೆ ಜೊಂಪು ಹತ್ತಿರಬಹುದು. ಅಷ್ಟೇ ಹೊತ್ತು ಅಂಗಳದಲ್ಲಿ ಮೆಲ್ಲನೆ ನಡೆದು ಬಂದವರ ಮೂರನೆಯ ದಿನವೊಂದಿದ್ದರೆ ಚಲನೆಯ ಪಾಲು ಬೇರೆಯಾಗುತ್ತಿತ್ತು. ಅಲ್ಲದೆ ತಾವು ಇಂದು ಧ್ಯಾನ ಮಾಡಿದೆವೋ ಮಲಗಿದೆವೋ ಎಂಬುದು ಭಾಗವಹಿಸಿದವರಿಗೆ ಗೊತ್ತೇ ಇರುತ್ತದೆ. ಗುಳಿಗೆಯಾದರೆ ಸಕ್ಕರೆಯ ಗುಳಿಗೆಯನ್ನು ಕೊಟ್ಟು ಮರೆಮಾಡಬಹುದು. ಧ್ಯಾನಕ್ಕೆ ಸಕ್ಕರೆಯ ಗುಳಿಗೆ ಇಲ್ಲ. ಕೊನೆಯದಾಗಿ, ಇದು ಆ ಕ್ಷಣದ ಪರಿಣಾಮ. ಮಿದುಳು ಸ್ಥಿರವಾಗಿ ಬದಲಾಯಿತು ಎಂಬುದು ಬೇರೆ ಮಾತು, ಅದಕ್ಕೆ ಬೇರೆ ಸಾಕ್ಷ್ಯ ಬೇಕು.

ಅವಧಾನವನ್ನು ಮನೋವಿಜ್ಞಾನಿಗಳು ಒಂದೇ ಶಕ್ತಿಯೆಂದು ಎಣಿಸುವುದಿಲ್ಲ. ಮೈಕೇಲ್ ಪೋಸ್ನರ್ ಅವರ ವಿಂಗಡಣೆಯಂತೆ ಎಚ್ಚರವಾಗಿರುವುದು, ಬೇಕಾದೆಡೆಗೆ ತಿರುಗುವುದು, ಗೊಂದಲದ ನಡುವೆ ಬೇಡದ್ದನ್ನು ತಡೆಯುವುದು ಎಂಬ ಮೂರಕ್ಕೂ ಮಿದುಳಿನಲ್ಲಿ ಬೇರೆಬೇರೆ ಜಾಲಗಳಿವೆ. ಹಾಗಾಗಿ 'ಏಕಾಗ್ರತೆ ಹೆಚ್ಚಿತು' ಎನ್ನುವುದಕ್ಕಿಂತ ಏನು ಹೆಚ್ಚಿತು ಎಂದು ಮೊದಲೇ ನುಡಿದು ಪರೀಕ್ಷಿಸುವ ಅಧ್ಯಯನಕ್ಕೆ ಬೆಲೆ ಹೆಚ್ಚು. ಅಂಥದೊಂದು 2007ರಲ್ಲಿಯೇ ಹೊರಬಂತು. ಹೆಲೀನ್ ಸ್ಲಾಗ್ಟರ್ ಮತ್ತು ಸಂಗಡಿಗರು ಅಮೆರಿಕದ ಬ್ಯಾರಿ ಎಂಬ ಊರಿನಲ್ಲಿ ಮೂರು ತಿಂಗಳು ವಿಪಶ್ಯನಾ ಮಾಡಿದ 17 ಸಾಧಕರನ್ನು 23 ಹೊಸಬರೊಡನೆ ಹೋಲಿಸಿದರು. ಪರದೆಯ ಮೇಲೆ ಅಕ್ಷರಗಳು ಸರಸರನೆ ಹಾಯುತ್ತವೆ, ನಡುವೆ ಎರಡು ಅಂಕಿಗಳಿರುತ್ತವೆ. ಎರಡನೆಯದು ಮೊದಲನೆಯದರ ಬೆನ್ನಿಗೇ ಅರ್ಧ ಸೆಕೆಂಡಿನೊಳಗೆ ಬಂದರೆ ಅನೇಕ ಸಲ ಅದು ಕಾಣುವುದೇ ಇಲ್ಲ. ಮಿದುಳು ಇನ್ನೂ ಮೊದಲನೆಯದರಲ್ಲಿ ಸಿಕ್ಕಿಕೊಂಡಿರುತ್ತದೆ. ಮೂರು ತಿಂಗಳ ಬಳಿಕ ಸಾಧಕರು ಎರಡನೆಯದನ್ನು ಹೆಚ್ಚು ಸಲ ಗುರುತಿಸಿದರು. ಜೊತೆಗೆ ಮೊದಲ ಅಂಕಿಗೆ ಅವರ ಮಿದುಳು ತೋರುತ್ತಿದ್ದ ವಿದ್ಯುತ್ ಏರಿಕೆ ತಗ್ಗಿತ್ತು. ಹಿಡಿದದ್ದನ್ನು ಬೇಗ ಬಿಡಲು ಕಲಿತಂತೆ. ಪರೀಕ್ಷೆಯ ವೇಳೆ ಅವರು ಧ್ಯಾನದಲ್ಲಿರಲಿಲ್ಲ ಎಂಬುದು ಇದರ ಬಲ. ಯಾರು ಯಾವ ಗುಂಪಿಗೆ ಎಂದು ಚೀಟಿ ಎತ್ತಿ ಹಂಚಿರಲಿಲ್ಲ ಎಂಬುದು ದೌರ್ಬಲ್ಯ. ಮೂರು ತಿಂಗಳು ಮನೆ ಮಠ ಬಿಟ್ಟು ಕೂರಬಲ್ಲವರು, ಅದು ಫಲಿಸಲೆಂದು ಹಾರೈಸುವವರು, ಪರೀಕ್ಷೆಯಲ್ಲಿ ಹೆಚ್ಚು ಶ್ರಮಿಸುವುದು ಸಹಜ.

ಆ 'ಶ್ರಮ'ವನ್ನೇ ಅಳೆದವರು ಡೆನ್ಮಾರ್ಕಿನ ಯೆನ್ಸನ್ ಮತ್ತು ಸಂಗಡಿಗರು. 2012ರಲ್ಲಿ ಪ್ರಕಟವಾದ ಅವರ ಅಧ್ಯಯನದಲ್ಲಿ 48 ಜನ. ಕೆಲವರಿಗೆ ಎಂಟು ವಾರಗಳ ಧ್ಯಾನದ ತರಬೇತಿ, ಕೆಲವರಿಗೆ ಧ್ಯಾನವಿಲ್ಲದ ಒತ್ತಡ ನಿವಾರಣೆಯ ತರಬೇತಿ, ಉಳಿದವರಿಗೆ ಯಾವ ತರಬೇತಿಯೂ ಇಲ್ಲ. ಆದರೆ ಈ ಕೊನೆಯವರಲ್ಲಿ ಅರ್ಧದಷ್ಟು ಜನರಿಗೆ, ಎರಡನೆಯ ಸಲ ಚೆನ್ನಾಗಿ ಮಾಡಿದರೆ ಹಣ ಕೊಡುವುದಾಗಿ ಹೇಳಲಾಯಿತು. ಪ್ರತಿಕ್ರಿಯೆಯ ವೇಗವನ್ನು ಅಳೆಯುವ ಪರೀಕ್ಷೆಗಳಲ್ಲಿ, ಒಂದು ದಿನವೂ ಧ್ಯಾನ ಮಾಡದ ಈ ಬಹುಮಾನದವರು ಧ್ಯಾನಿಗಳಿಗೆ ಹಿಂದೆ ಬೀಳಲಿಲ್ಲ. ಕ್ಷಣಾರ್ಧ ಮಿಂಚಿದ ಅಕ್ಷರವನ್ನು ಗ್ರಹಿಸುವ ಸೂಕ್ಷ್ಮತೆಯಂಥ ಕೆಲವು ಅಳತೆಗಳಲ್ಲಿ ಮಾತ್ರ ಧ್ಯಾನದ್ದೇ ಎನ್ನಬಹುದಾದ ಲಾಭ ಉಳಿಯಿತು. ಗುಂಪುಗಳು ಚಿಕ್ಕವು, ಆದ್ದರಿಂದ ಈ ಉಳಿಕೆಯನ್ನೂ ಜೋಪಾನವಾಗಿ ಹಿಡಿಯಬೇಕು.

ಈ ಇತಿಹಾಸವನ್ನು ಓದಿದ ಮೇಲೆ ಇಗತ್ಪುರಿಯಿಂದ ಮರಳಿದ ನಮ್ಮ ಲೆಕ್ಕವನ್ನು ನಾವೇ ತಾಳೆ ನೋಡಿದೆವು. ಹತ್ತು ದಿನ ಕಚೇರಿಯಿರಲಿಲ್ಲ, ದೂರವಾಣಿಯಿರಲಿಲ್ಲ, ಹೊತ್ತಿಗೆ ಸರಿಯಾಗಿ ಊಟ, ನಿದ್ದೆ. ಸುಧಾರಣೆಯನ್ನು ಕಾಣಬೇಕೆಂಬ ಆಸೆಯೂ ಇತ್ತು. ಹಿಂದಿನ ತಿಂಗಳು ಎಷ್ಟು ತಪ್ಪುಗಳಾಗಿದ್ದವೆಂದು ನಾವು ಬರೆದಿಟ್ಟಿರಲಿಲ್ಲ. ಅದೇ ಹತ್ತು ದಿನ ಮಾತಿಲ್ಲದೆ, ಧ್ಯಾನವೂ ಇಲ್ಲದೆ ಊರಿನ ತೋಟದಲ್ಲಿ ಕಳೆದ ಇನ್ನೊಬ್ಬ ಗುಮಾಸ್ತ ನಮ್ಮ ಪಕ್ಕದಲ್ಲಿರಲಿಲ್ಲ.

ಸಹೋದ್ಯೋಗಿಗೆ ಕೊನೆಗೆ ಹೀಗೆ ಹೇಳಿದೆವು: 'ಧ್ಯಾನದಿಂದ ಅವಧಾನದ ಕೆಲವು ಅಂಗಗಳು ಸ್ವಲ್ಪ ತಿದ್ದುತ್ತವೆ ಎನ್ನಲು ಆಧಾರವುಂಟು. ಅದು ಬಹುಪಾಲು ಆರೋಗ್ಯವಂತ ವಯಸ್ಕರದ್ದು, ನಿಮ್ಮ ಮಗನಂಥವರದ್ದಲ್ಲ. ಔಷಧ ಬಿಡಿಸುವ ಮಾತನ್ನು ವೈದ್ಯರೊಡನೆ ಆಡಿ, ನಮ್ಮೊಡನಲ್ಲ. ಬೆಳಿಗ್ಗೆ ಹತ್ತು ನಿಮಿಷ ಅವನ ಜೊತೆ ನೀವೂ ಕೂರುವುದಾದರೆ ಕೂರಿ.' ಅವರು ತುಸು ನಿರಾಶರಾದರು. ಚಿಕಿತ್ಸೆ ಮುಂದುವರಿದಿದೆ. ಅಪ್ಪ ಮಗ ಇಬ್ಬರೂ ಬೆಳಿಗ್ಗೆ ಕೂರುತ್ತಾರಂತೆ. ಹುಡುಗನಲ್ಲಿ ಸುಧಾರಣೆ ಕಂಡರೆ ಅದು ಔಷಧದ್ದೋ, ಧ್ಯಾನದ್ದೋ, ದಿನವೂ ಪಕ್ಕದಲ್ಲಿ ಕೂರುವ ಅಪ್ಪನದ್ದೋ ಎಂದು ಬೇರ್ಪಡಿಸಲು ನಮಗೆ ದಾರಿಯಿಲ್ಲ. ಒಂದು ಮನೆಯ ಮಟ್ಟಿಗೆ ಆ ಲೆಕ್ಕ ಬೇಕಿಲ್ಲ. ಎಲ್ಲ ಮನೆಗಳಿಗೂ ಇದನ್ನು ಶಿಫಾರಸು ಮಾಡುವವನಿಗೆ ಬೇಕು.