ಸಿದ್ಧ ಉಡುಪು ಇಆರ್‌ಪಿಯಲ್ಲಿ ಉತ್ಪನ್ನ ವೇರಿಯಂಟ್‌ಗಳು

ಉತ್ಪನ್ನ ವೇರಿಯಂಟ್ ಎಂಬುದು ಉದ್ಯಮ ಸಂಪನ್ಮೂಲ ಯೋಜನಾ ತಂತ್ರಾಂಶದಲ್ಲಿ (ಇಆರ್‌ಪಿ) ಒಂದೇ ಉತ್ಪನ್ನದ ವಿವಿಧ ಅಳತೆ, ಬಣ್ಣ ಮುಂತಾದ ರೂಪಗಳನ್ನು ಒಂದು ಮೂಲ ದಾಖಲೆಯ ಅಡಿಯಲ್ಲಿ ನಿರ್ವಹಿಸುವ ವ್ಯವಸ್ಥೆಯಾಗಿದೆ. ಸಿದ್ಧ ಉಡುಪು ತಯಾರಿಕೆಯಲ್ಲಿ ಒಂದು ಅಂಗಿಯೇ ಹತ್ತಾರು ಅಳತೆ ಮತ್ತು ಬಣ್ಣಗಳಲ್ಲಿ ಹೊಲಿಯಲ್ಪಡುವುದರಿಂದ, ಪ್ರತಿಯೊಂದನ್ನೂ ಪ್ರತ್ಯೇಕ ಐಟಂ ಎಂದು ಕೈಯಿಂದ ನಮೂದಿಸಿದರೆ ಪಟ್ಟಿ ಸಾವಿರಾರು ಸಾಲುಗಳಿಗೆ ಬೆಳೆಯುತ್ತದೆ. ವೇರಿಯಂಟ್ ವ್ಯವಸ್ಥೆಯು ಈ ಸಾಲುಗಳನ್ನು ಸಂಪೂರ್ಣವಾಗಿ ಇಲ್ಲವಾಗಿಸುವುದಿಲ್ಲ. ಅವುಗಳನ್ನು ಕೆಲವೇ ಮೂಲ ದಾಖಲೆಗಳಿಂದ ನಿಯಂತ್ರಿಸಲು ಮತ್ತು ನಿಜವಾಗಿ ಬೇಕಾದ ಸಂಯೋಜನೆಗಳನ್ನು ಮಾತ್ರ ಸೃಷ್ಟಿಸಲು ಅದು ಅವಕಾಶ ನೀಡುತ್ತದೆ.

ಈ ಲೇಖನವು ಮುಖ್ಯವಾಗಿ ಇಆರ್‌ಪಿನೆಕ್ಸ್ಟ್ ಎಂಬ ಮುಕ್ತ ತಂತ್ರಾಂಶದ ಕಾರ್ಯವಿಧಾನವನ್ನು ಆಧರಿಸಿದೆ. ಇದನ್ನು ಮುಂಬೈನ ಫ್ರಾಪೆ ಸಂಸ್ಥೆ ಅಭಿವೃದ್ಧಿಪಡಿಸಿದೆ.

## ಹಿನ್ನೆಲೆ

ಮಂಡ್ಯ ಮತ್ತು ಮದ್ದೂರು ಪಟ್ಟಣಗಳು ಬೆಂಗಳೂರು–ಮೈಸೂರು ಹೆದ್ದಾರಿಯ ಮೇಲಿವೆ; ಮಳವಳ್ಳಿಗೆ ಮದ್ದೂರಿನಿಂದ ನೇರ ರಸ್ತೆಯಿದೆ. ಈ ಭಾಗದಲ್ಲಿ ಸಿದ್ಧ ಉಡುಪು ಕಾರ್ಖಾನೆಗಳ ಜೊತೆಗೆ ಶಾಲಾ ಸಮವಸ್ತ್ರ ಹೊಲಿಯುವ ಸಣ್ಣ ಘಟಕಗಳೂ ಇವೆ. ರಫ್ತು ಕಾರ್ಖಾನೆಗೆ ಅಳತೆ ಮತ್ತು ಬಣ್ಣಗಳ ಪಟ್ಟಿಯನ್ನು ಖರೀದಿದಾರನೇ ಒದಗಿಸುತ್ತಾನೆ. ಸಮವಸ್ತ್ರ ಘಟಕವು ಆ ಪಟ್ಟಿಯನ್ನು ತಾನೇ ರೂಪಿಸಿಕೊಳ್ಳಬೇಕಾಗುತ್ತದೆ. ಪ್ರತಿ ಶಾಲೆಗೂ ಪ್ರತ್ಯೇಕ ಬಟ್ಟೆ, ಪ್ರತಿ ತರಗತಿಗೂ ಪ್ರತ್ಯೇಕ ಅಳತೆ ಬೇಕಾಗುತ್ತದೆ. ಮಾರಾಟದ ಬಹುಭಾಗ ಶಾಲೆಗಳು ಆರಂಭವಾಗುವ ಮೇ ಕೊನೆ ಮತ್ತು ಜೂನ್ ತಿಂಗಳಲ್ಲಿ ನಡೆಯುತ್ತದೆ. ಆ ವಾರಗಳಲ್ಲಿ ಸಿಗದ ಅಳತೆಯ ಮಾರಾಟ ತಪ್ಪಿಹೋಗುತ್ತದೆ. ಉಳಿದ ಅಳತೆ ಒಂದು ವರ್ಷ ಗೋದಾಮಿನಲ್ಲಿ ಉಳಿಯುತ್ತದೆ, ಮತ್ತು ಶಾಲೆ ಸಮವಸ್ತ್ರವನ್ನು ಬದಲಿಸಿದರೆ ಮಾರಾಟವಾಗುವುದೇ ಇಲ್ಲ. ಆದ್ದರಿಂದ ಸಮವಸ್ತ್ರವು ವೇರಿಯಂಟ್ ವ್ಯವಸ್ಥೆಯನ್ನು ವಿವರಿಸಲು ಸೂಕ್ತ ಉದಾಹರಣೆಯಾಗಿದೆ.

## ಟೆಂಪ್ಲೇಟ್ ಮತ್ತು ವೇರಿಯಂಟ್

ಇಆರ್‌ಪಿನೆಕ್ಸ್ಟ್‌ನಲ್ಲಿ ಐಟಂ ದಾಖಲೆಯ `Has Variants` ಎಂಬ ಆಯ್ಕೆಯನ್ನು ಗುರುತಿಸಿದಾಗ ಆ ಐಟಂ ಟೆಂಪ್ಲೇಟ್ ಆಗುತ್ತದೆ. ಟೆಂಪ್ಲೇಟ್ ಒಂದು ಅಚ್ಚಿನಂತೆ: ಅದನ್ನು ಖರೀದಿಸಲು, ಮಾರಲು ಅಥವಾ ದಾಸ್ತಾನಿನಲ್ಲಿ ಇರಿಸಲು ಸಾಧ್ಯವಿಲ್ಲ. ವ್ಯವಹಾರಗಳೆಲ್ಲವೂ ವೇರಿಯಂಟ್‌ಗಳ ಹೆಸರಿನಲ್ಲಿಯೇ ನಡೆಯುತ್ತವೆ. ಎಚ್‌ಎಸ್‌ಎನ್ ಸಂಕೇತ, ಅಳೆಯುವ ಮಾನ, ಐಟಂ ಗುಂಪು ಮುಂತಾದ ಸಾಮಾನ್ಯ ವಿವರಗಳನ್ನು ಟೆಂಪ್ಲೇಟ್‌ನಲ್ಲಿ ಒಮ್ಮೆ ಬರೆದರೆ ಅವು ವೇರಿಯಂಟ್‌ಗಳಿಗೆ ನಕಲಾಗುತ್ತವೆ. ಯಾವ ವಿವರಗಳು ನಕಲಾಗಬೇಕು ಎಂಬುದನ್ನು `Item Variant Settings` ಪುಟದಲ್ಲಿ ನಿರ್ಧರಿಸಲಾಗುತ್ತದೆ.

ವೇರಿಯಂಟ್‌ಗಳನ್ನು ಪರಸ್ಪರ ಬೇರ್ಪಡಿಸುವ ಅಂಶಕ್ಕೆ ಗುಣಲಕ್ಷಣ ಎಂದು ಹೆಸರು. ತಂತ್ರಾಂಶದಲ್ಲಿ ಇದು `Item Attribute` ಎಂದು ಕಾಣುತ್ತದೆ. ಬಣ್ಣದಂತಹ ಗುಣಲಕ್ಷಣಕ್ಕೆ ಪ್ರತಿ ಮೌಲ್ಯವನ್ನೂ ಅದರ ಹ್ರಸ್ವರೂಪದೊಂದಿಗೆ ಪಟ್ಟಿ ಮಾಡಬೇಕು. ಸಮವಸ್ತ್ರದ ಅಳತೆ ಅಂಗುಲಗಳಲ್ಲಿ ಸಮಸಂಖ್ಯೆಯಾಗಿರುವುದರಿಂದ ಅದನ್ನು ಸಂಖ್ಯಾತ್ಮಕ ಗುಣಲಕ್ಷಣವಾಗಿಸಿ 22ರಿಂದ 40ರವರೆಗೆ, 2ರ ಏರಿಕೆಯಲ್ಲಿ ಎಂದು ನಮೂದಿಸಿದರೆ ಸಾಕು. ವೇರಿಯಂಟ್‌ನ ಸಂಕೇತವನ್ನು ತಂತ್ರಾಂಶವೇ ಜೋಡಿಸುತ್ತದೆ. ಉದಾಹರಣೆಗೆ, `SHT-H-SKY-30` ಎಂದರೆ ಅಂಗಿ, ಅರ್ಧ ತೋಳು, ಆಕಾಶನೀಲಿ ಬಟ್ಟೆ, 30 ಅಂಗುಲ.

## ಬೇಕಾದ ಸಂಯೋಜನೆಗಳ ಆಯ್ಕೆ

ಮದ್ದೂರಿನಲ್ಲಿ ಹೊಲಿದು ಮೂರೂ ಪಟ್ಟಣಗಳಲ್ಲಿ ಮಾರುವ ಒಂದು ಕಲ್ಪಿತ ಘಟಕವು 12 ಶಾಲೆಗಳಿಗೆ ಅಂಗಿ ಒದಗಿಸುತ್ತದೆ ಎಂದುಕೊಳ್ಳಬಹುದು. 12 ಬಟ್ಟೆ, 10 ಅಳತೆ ಮತ್ತು 2 ಬಗೆಯ ತೋಳುಗಳನ್ನು ಗುಣಿಸಿದರೆ ಅಂಗಿಯೊಂದಕ್ಕೇ 240 ಸಂಯೋಜನೆಗಳಾಗುತ್ತವೆ. ಪ್ಯಾಂಟ್, ಸ್ಕರ್ಟ್, ಚೂಡಿದಾರ್‌ಗಳು ಸೇರಿದರೆ ಸಂಖ್ಯೆ ಬೇಗನೆ ಸಾವಿರವನ್ನು ಸಮೀಪಿಸುತ್ತದೆ.

ಆದರೆ ಈ 240ರಲ್ಲಿ ಎಲ್ಲವೂ ಬೇಕಿಲ್ಲ. ಐದು ಪ್ರಾಥಮಿಕ ಶಾಲೆಗಳಿಗೆ 22ರಿಂದ 32ರವರೆಗಿನ ಆರು ಅಳತೆಗಳು, ಒಂದರಿಂದ ಹತ್ತನೆಯ ತರಗತಿಯವರೆಗಿನ ನಾಲ್ಕು ಶಾಲೆಗಳಿಗೆ ಹತ್ತೂ ಅಳತೆಗಳು, ಮೂರು ಪ್ರೌಢಶಾಲೆಗಳಿಗೆ 30ರಿಂದ 40ರವರೆಗಿನ ಆರು ಅಳತೆಗಳು ಸಾಕು. ಇವುಗಳ ಮೊತ್ತ 30, 40 ಮತ್ತು 18 ಸೇರಿ 88. ಪೂರ್ಣ ತೋಳು ಬಯಸುವುದು ಎರಡು ಪ್ರೌಢಶಾಲೆಗಳು ಮಾತ್ರವಾದರೆ ಇನ್ನೂ 12 ಸೇರಿ ಒಟ್ಟು 100 ವೇರಿಯಂಟ್‌ಗಳಾಗುತ್ತವೆ.

ತಂತ್ರಾಂಶದ `Multiple Variants` ಆಯ್ಕೆಯು ಗುರುತು ಹಾಕಿದ ಮೌಲ್ಯಗಳನ್ನೆಲ್ಲ ಪರಸ್ಪರ ಗುಣಿಸಿ ವೇರಿಯಂಟ್‌ಗಳನ್ನು ಸೃಷ್ಟಿಸುತ್ತದೆ. ಒಂದೇ ಬಾರಿಗೆ ಎಲ್ಲವನ್ನೂ ಗುರುತಿಸಿದರೆ 240 ದಾಖಲೆಗಳೂ ಹುಟ್ಟಿಕೊಳ್ಳುತ್ತವೆ. ಒಂದೊಂದು ಶಾಲೆಯ ಬಟ್ಟೆಯನ್ನೂ ಅದಕ್ಕೆ ಬೇಕಾದ ಅಳತೆಗಳನ್ನೂ ಮಾತ್ರ ಗುರುತಿಸುತ್ತಾ ಶಾಲೆಯಿಂದ ಶಾಲೆಗೆ ಸಾಗಿದರೆ 100 ಮಾತ್ರ ಸೃಷ್ಟಿಯಾಗುತ್ತವೆ. ಬಿಲ್ ಬರೆಯುವವರ ಮುಂದೆ ಅಸ್ತಿತ್ವದಲ್ಲಿಲ್ಲದ ಅಂಗಿಯ ಹೆಸರು ಕಾಣಿಸಿಕೊಳ್ಳದಿರುವುದು ಇದರ ಮುಖ್ಯ ಪ್ರಯೋಜನ.

## ಗುಣಲಕ್ಷಣವಾಗಬಾರದ ಅಂಶಗಳು

ಒಂದು ಅಂಶವನ್ನು ಗುಣಲಕ್ಷಣವಾಗಿಸಿದಾಗಲೆಲ್ಲ ವೇರಿಯಂಟ್‌ಗಳ ಸಂಖ್ಯೆ ಗುಣಾಕಾರದಲ್ಲಿ ಬೆಳೆಯುತ್ತದೆ. ಆದುದರಿಂದ ಗೋದಾಮಿನಲ್ಲಿ ಪ್ರತ್ಯೇಕವಾಗಿ ಇಟ್ಟು, ಪ್ರತ್ಯೇಕವಾಗಿ ಎಣಿಸಿ, ಒಂದರ ಬದಲು ಇನ್ನೊಂದನ್ನು ಕೊಡಲಾಗದ ವ್ಯತ್ಯಾಸವನ್ನು ಮಾತ್ರ ಗುಣಲಕ್ಷಣವಾಗಿಸಬೇಕು. ಗ್ರಾಹಕನ ಹೆಸರು ಮತ್ತು ಆರ್ಡರ್ ಸಂಖ್ಯೆ ಮಾರಾಟ ಆದೇಶಕ್ಕೆ ಸೇರಿದವು. ಬೆಲೆಯು ದರಪಟ್ಟಿಗೆ ಸೇರಿದ್ದು. ಎರಡು ಶಾಲೆಗಳು ಒಂದೇ ಬಟ್ಟೆಯ ಅಂಗಿಯನ್ನು ಬಳಸುತ್ತಿದ್ದರೆ ಶಾಲೆಯ ಹೆಸರಿನಲ್ಲಿ ವೇರಿಯಂಟ್ ಮಾಡುವುದರಿಂದ ಒಂದೇ ದಾಸ್ತಾನು ಎರಡಾಗಿ ಒಡೆಯುತ್ತದೆ. ಆದ್ದರಿಂದ ಮೇಲಿನ ಉದಾಹರಣೆಯಲ್ಲಿ ಗುಣಲಕ್ಷಣವಾಗಿರುವುದು ಬಟ್ಟೆಯೇ ಹೊರತು ಶಾಲೆಯಲ್ಲ.

ಬಟ್ಟೆಯ ಲಾಟ್ ಕುರಿತು ಹೆಚ್ಚು ಎಚ್ಚರ ಅಗತ್ಯ. ಒಂದೇ ಆಕಾಶನೀಲಿ ಬಣ್ಣವನ್ನು ಎರಡು ಬೇರೆ ದಿನ ಅದ್ದಿದರೆ ಛಾಯೆಯಲ್ಲಿ ಸ್ವಲ್ಪ ವ್ಯತ್ಯಾಸ ಬರುತ್ತದೆ. ಒಂದು ಲಾಟ್‌ನ ತೋಳನ್ನು ಇನ್ನೊಂದು ಲಾಟ್‌ನ ಬೆನ್ನಿಗೆ ಜೋಡಿಸಿದರೆ ಅಂಗಿಯಲ್ಲಿ ಆ ವ್ಯತ್ಯಾಸ ಎದ್ದು ಕಾಣುತ್ತದೆ. ಇದು ಹೊಸ ಬಣ್ಣವಲ್ಲ. ಪ್ರತಿ ಖರೀದಿಯಲ್ಲೂ ಬದಲಾಗುವ ಅಂಶ. ಆದ್ದರಿಂದ ಲಾಟ್ ಅನ್ನು ಗುಣಲಕ್ಷಣವಾಗಿಸದೆ, ಬಟ್ಟೆಯ ಐಟಂನಲ್ಲಿ `Has Batch No` ಆಯ್ಕೆಯನ್ನು ಗುರುತಿಸಿ ಬ್ಯಾಚ್ ಸಂಖ್ಯೆಯಾಗಿ ದಾಖಲಿಸುವುದು ಸರಿಯಾದ ಕ್ರಮ.

## ಸಾಮಗ್ರಿ ಪಟ್ಟಿ

ಒಂದು ಉಡುಪಿಗೆ ಬೇಕಾದ ಬಟ್ಟೆ, ಗುಂಡಿ, ದಾರ, ಲೇಬಲ್‌ಗಳ ಪಟ್ಟಿಯನ್ನು ಬಿಒಎಂ ಎನ್ನುತ್ತಾರೆ. ಗುಂಡಿ ಮತ್ತು ದಾರದ ಬಣ್ಣ ಬಟ್ಟೆಯನ್ನು ಅನುಸರಿಸುತ್ತದೆ, ಲೇಬಲ್ ಅಳತೆಯನ್ನು ಅನುಸರಿಸುತ್ತದೆ, ಬಟ್ಟೆಯ ಪ್ರಮಾಣವೂ ಅಳತೆಯನ್ನೇ ಅನುಸರಿಸುತ್ತದೆ. ಎಲ್ಲ ಅಳತೆಗಳಿಗೂ ನಡುವಿನ ಅಳತೆಯ ಪ್ರಮಾಣವನ್ನೇ ಬರೆಯುವುದು ಸಾಮಾನ್ಯವಾಗಿ ಕಾಣುವ ತಪ್ಪು. ಆಕಾಶನೀಲಿ ಬಟ್ಟೆಯ 300 ಅಂಗಿಗಳ ಆದೇಶವೊಂದರ ಲೆಕ್ಕ ಹೀಗಿದೆ. ಇಲ್ಲಿನ ಪ್ರಮಾಣಗಳು ಉದಾಹರಣೆಗಾಗಿ ನೀಡಿದವು. ನಿಜವಾದ ಪ್ರಮಾಣ ಬಟ್ಟೆಯ ಅಗಲ ಮತ್ತು ಕಟಿಂಗ್ ವಿನ್ಯಾಸವನ್ನು ಅವಲಂಬಿಸಿರುತ್ತದೆ.

| ಅಳತೆ | ಅಂಗಿಗಳು | ಒಂದಕ್ಕೆ ಬಟ್ಟೆ (ಮೀ.) | ಒಟ್ಟು (ಮೀ.) |
|---|---|---|---|
| 24 | 20 | 0.70 | 14.0 |
| 26 | 40 | 0.75 | 30.0 |
| 28 | 70 | 0.85 | 59.5 |
| 30 | 90 | 0.95 | 85.5 |
| 32 | 80 | 1.05 | 84.0 |
| ಒಟ್ಟು | 300 | – | 273.0 |

ಎಲ್ಲ ಅಂಗಿಗಳಿಗೂ 28ರ ಪ್ರಮಾಣವಾದ 0.85 ಮೀಟರ್ ಎಂದು ಬರೆದಿದ್ದರೆ ತಂತ್ರಾಂಶವು 255 ಮೀಟರ್ ಮಾತ್ರ ಖರೀದಿಸಲು ಸೂಚಿಸುತ್ತದೆ. ಕೊರತೆ 18 ಮೀಟರ್, ಎಂದರೆ 32 ಅಂಗುಲದ 17 ಅಂಗಿಗಳ ಬಟ್ಟೆ. ಇದು ತಿಳಿಯುವುದು ಕಟಿಂಗ್ ಮೇಜಿನ ಮೇಲೆ ಥಾನು ಮುಗಿದಾಗ. ಆಗ ತರಿಸುವ 18 ಮೀಟರ್ ಬೇರೆ ಲಾಟ್‌ನದ್ದಾಗಿರುವ ಸಂಭವ ಹೆಚ್ಚು. ಹೀಗೆ ಪ್ರಮಾಣದ ತಪ್ಪು ಛಾಯೆಯ ತಪ್ಪಾಗಿ ಪರಿಣಮಿಸುತ್ತದೆ. ಚಿಕ್ಕ ಅಳತೆಗಳೇ ಹೆಚ್ಚಿರುವ ಆದೇಶದಲ್ಲಿ ಇದೇ ತಪ್ಪಿನಿಂದ ಬಟ್ಟೆ ಮಿಗುತ್ತದೆ. ಕೆಲವು ಆದೇಶಗಳಲ್ಲಿ ಬಟ್ಟೆ ಸಾಲದೆ, ಮತ್ತೆ ಕೆಲವುದರಲ್ಲಿ ಉಳಿಯುತ್ತಿದ್ದರೆ ಬಿಒಎಂನಲ್ಲಿ ಸರಾಸರಿ ಪ್ರಮಾಣ ಇದೆಯೇ ಎಂದು ಮೊದಲು ಪರಿಶೀಲಿಸಬೇಕು.

ಇಆರ್‌ಪಿನೆಕ್ಸ್ಟ್‌ನಲ್ಲಿ ಟೆಂಪ್ಲೇಟ್‌ಗೆ ಒಂದು ಬಿಒಎಂ ಬರೆದು, ಅದರಿಂದ ಪ್ರತಿ ವೇರಿಯಂಟ್‌ನ ಬಿಒಎಂ ಪಡೆದು ಪ್ರಮಾಣವನ್ನು ತಿದ್ದಬಹುದು. ಅಳತೆಗೆ ತಕ್ಕಂತೆ ಬಟ್ಟೆಯ ಪ್ರಮಾಣವನ್ನು ತಂತ್ರಾಂಶವು ತಾನಾಗಿ ಹೆಚ್ಚಿಸುವುದಿಲ್ಲ.

## ಮೂರು ಪಟ್ಟಣಗಳ ದಾಸ್ತಾನು

ವೇರಿಯಂಟ್‌ಗಳ ನಿಜವಾದ ಉಪಯೋಗ ಗೋದಾಮುವಾರು ಎಣಿಕೆಯಲ್ಲಿ ವ್ಯಕ್ತವಾಗುತ್ತದೆ. ಮೇಲಿನ ಘಟಕದ ಆಕಾಶನೀಲಿ ಅಂಗಿಗಳು ಜೂನ್ ಮೊದಲ ವಾರದಲ್ಲಿ ಹೀಗೆ ಹಂಚಿಕೆಯಾಗಿವೆ ಎಂದುಕೊಳ್ಳಬಹುದು.

| ಮಳಿಗೆ | 26 | 28 | 30 | 32 | ಒಟ್ಟು |
|---|---|---|---|---|---|
| ಮಂಡ್ಯ | 22 | 30 | 12 | 9 | 73 |
| ಮದ್ದೂರು | 18 | 20 | 26 | 4 | 68 |
| ಮಳವಳ್ಳಿ | 25 | 14 | 0 | 6 | 45 |

ಒಟ್ಟು ಸಂಖ್ಯೆಯನ್ನು ಮಾತ್ರ ನೋಡಿದರೆ ಮಳವಳ್ಳಿಯಲ್ಲಿ 45 ಅಂಗಿಗಳಿದ್ದು ತೊಂದರೆ ಇಲ್ಲವೆನಿಸುತ್ತದೆ. ಆದರೆ ಅಲ್ಲಿ 30 ಅಂಗುಲದ ಒಂದು ಅಂಗಿಯೂ ಇಲ್ಲ. ಮದ್ದೂರಿನಲ್ಲಿ ಅಂಥವು 26 ಇವೆ. ಇಲ್ಲಿ ಬೇಕಾಗಿರುವುದು ಹೊಸ ಹೊಲಿಗೆಯಲ್ಲ, ವರ್ಗಾವಣೆ. ಪ್ರತಿ ವೇರಿಯಂಟ್‌ಗೆ, ಪ್ರತಿ ಮಳಿಗೆಗೆ ಪ್ರತ್ಯೇಕ ಮರುಪೂರಣ ಮಟ್ಟವನ್ನು ನಿಗದಿಪಡಿಸಿ, ಬೇಡಿಕೆಯ ಬಗೆಯನ್ನು `Transfer` ಎಂದು ಇರಿಸಿದರೆ ದಾಸ್ತಾನು ಆ ಮಟ್ಟಕ್ಕಿಂತ ಇಳಿದಾಗ ವರ್ಗಾವಣೆಯ ಬೇಡಿಕೆ ಸಿದ್ಧವಾಗುತ್ತದೆ. ಎಲ್ಲ ಅಳತೆಗಳಿಗೂ ಒಂದೇ ಮಟ್ಟ ನಿಗದಿಪಡಿಸಿದರೆ ಹೆಚ್ಚು ಮಾರಾಟವಾಗುವ ನಡುವಿನ ಅಳತೆಗಳು ಬೇಗ ಬರಿದಾಗಿ, ಅಂಚಿನ ಅಳತೆಗಳು ರಾಶಿ ಬೀಳುತ್ತವೆ.

## ದೋಷಗಳು ಮತ್ತು ಮಿತಿಗಳು

ಒಂದೇ ಬಣ್ಣಕ್ಕೆ "ನೇವಿ" ಮತ್ತು "ನೇವಿ ಬ್ಲೂ" ಎಂಬ ಎರಡು ಮೌಲ್ಯಗಳು ದಾಖಲಾದರೆ ತಂತ್ರಾಂಶದ ದೃಷ್ಟಿಯಲ್ಲಿ ಅವು ಎರಡು ಬೇರೆ ಅಂಗಿಗಳು. ಒಂದರಲ್ಲಿ ಹೊಲಿಗೆಯೂ ಇನ್ನೊಂದರಲ್ಲಿ ಮಾರಾಟವೂ ದಾಖಲಾಗುತ್ತಾ ಹೋಗುತ್ತದೆ. ಒಂದರ ದಾಸ್ತಾನು ಕರಗದೆ ಉಳಿದು, ಅದೇ ಅಳತೆಯ ಇನ್ನೊಂದು ಸದಾ ಕೊರತೆ ತೋರಿಸುವುದು ಇದರ ಲಕ್ಷಣ. ಎರಡು ಐಟಂಗಳನ್ನು ವಿಲೀನಗೊಳಿಸುವ ಸೌಲಭ್ಯವಿದೆಯಾದರೂ, ವಿಲೀನಗೊಳಿಸಿದ ನಂತರ ಹಿಂದಿನ ಸ್ಥಿತಿಗೆ ಮರಳಲಾಗುವುದಿಲ್ಲ. ಹೊಸ ಮೌಲ್ಯ ಸೇರಿಸುವ ಅಧಿಕಾರವನ್ನು ಒಬ್ಬರಿಗೆ ಮಾತ್ರ ನೀಡುವುದು ಸುಲಭವಾದ ತಡೆ.

ದಾಸ್ತಾನು ವ್ಯವಹಾರ ನಡೆದ ಮೇಲೆ ವೇರಿಯಂಟ್‌ನ ಗುಣಲಕ್ಷಣವನ್ನು ಬದಲಿಸಲು ತಂತ್ರಾಂಶ ಒಪ್ಪುವುದಿಲ್ಲ. ಹೊಸ ಐಟಂ ಸೃಷ್ಟಿಸಿ ದಾಸ್ತಾನನ್ನು ಅದಕ್ಕೆ ಸಾಗಿಸಬೇಕು. ಅಕ್ಷರಗಳ ಅಳತೆಯನ್ನು ಬಳಸಿದಾಗ ವರ್ಣಮಾಲೆಯ ಕ್ರಮದ ವಿಂಗಡಣೆಯಲ್ಲಿ L, M, S, XL ಎಂದು ಬರುವುದರಿಂದ ಅಳತೆಯ ಕ್ರಮ ತಪ್ಪುತ್ತದೆ. ಬಾರ್‌ಕೋಡನ್ನು ಟೆಂಪ್ಲೇಟ್‌ಗೆ ಅಲ್ಲ, ಪ್ರತಿ ವೇರಿಯಂಟ್‌ಗೆ ನೀಡಬೇಕು. ಜಿಎಸ್1 ನಿಯಮದಂತೆ ಉಡುಪಿನ ಅಳತೆ ಅಥವಾ ಬಣ್ಣ ಬದಲಾದರೆ ಸಂಖ್ಯೆಯೂ ಬದಲಾಗಬೇಕು.

## ಇತರ ತಂತ್ರಾಂಶಗಳಲ್ಲಿ

ಓಡೂ ತಂತ್ರಾಂಶದಲ್ಲಿ ವೇರಿಯಂಟ್‌ಗಳನ್ನು ಮೊದಲೇ ಸೃಷ್ಟಿಸಬಹುದು ಅಥವಾ ಮಾರಾಟ ಆದೇಶದಲ್ಲಿ ಮೊದಲ ಬಾರಿ ಬಳಕೆಯಾದಾಗ ಮಾತ್ರ ಸೃಷ್ಟಿಯಾಗುವಂತೆ ಇರಿಸಬಹುದು. ಅದರಲ್ಲಿ ಒಂದೇ ಬಿಒಎಂನ ಪ್ರತಿ ಸಾಲೂ ಯಾವ ವೇರಿಯಂಟ್‌ಗೆ ಅನ್ವಯಿಸುತ್ತದೆ ಎಂದು ಸೂಚಿಸಲು ಸಾಧ್ಯವಿರುವುದರಿಂದ ಅಳತೆಗೊಂದು ಬಿಒಎಂ ಬೇಕಾಗುವುದಿಲ್ಲ. ಉಡುಪು ಮತ್ತು ಪಾದರಕ್ಷೆ ಉದ್ಯಮಕ್ಕಾಗಿ ರೂಪಿಸಲಾದ ಎಸ್‌ಎಪಿ ಎಎಫ್‌ಎಸ್, ಅಳತೆ ಮತ್ತು ಬಣ್ಣಗಳನ್ನು ಪ್ರತ್ಯೇಕ ಐಟಂಗಳನ್ನಾಗಿಸದೆ ಒಂದೇ ಐಟಂನೊಳಗಿನ ಚೌಕಟ್ಟಿನ ಮನೆಗಳಾಗಿ ಇರಿಸುತ್ತಿತ್ತು.